ಕೊನೆಯ ಅಂಕಿ ಸೊನ್ನೆ ಆದಾಗ

(ಒಂದು ಎಂಜಿನಿಯರಿಂಗ್ ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು ಇದು. ಎಪಿಸೋಡ್‌ನಲ್ಲಿ ಕೇಳಿದ್ದನ್ನೇ ಬರಹಕ್ಕೆ ಇಳಿಸಿದ್ದೇನೆ. ಅವತ್ತು ಸ್ಕ್ರೀನ್ ಮೇಲೆ ತೋರಿಸಿದ ಅಂಕಿಗಳನ್ನೂ, ನಾಲ್ಕು ಸಾಲಿನ ಕೋಡನ್ನೂ ಸೇರಿಸಿದ್ದೇನೆ.)

ಊಟ ಆದಮೇಲಿನ ಸೆಷನ್ ನನಗೆ ಕೊಟ್ಟಿದಾರೆ. ಅಂದ್ರೆ ನಿದ್ದೆ ಬರೋ ಟೈಮು. ಬಂದ್ರೆ ಮಲಗಿ, ಬೇಜಾರಿಲ್ಲ. ರೆಕಾರ್ಡಿಂಗ್ ಆಗ್ತಿದೆ, ನಾಳೆ ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳಬಹುದು.

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾನು ಎಂಜಿನಿಯರ್ ಅಲ್ಲ, ಬಿ.ಕಾಂ. ಓದಿದವನು. ನಿಮ್ಮ ಕೋಆರ್ಡಿನೇಟರ್ ಫೋನ್ ಮಾಡಿ "ಅಣ್ಣಾ, ಡೇಟಾ ಇಂಟೆಗ್ರಿಟಿ ಬಗ್ಗೆ ಮಾತಾಡ್ತೀರಾ" ಅಂದಾಗ, ರಾಂಗ್ ನಂಬರ್ ಇರಬೇಕು ಅಂದುಕೊಂಡೆ. ಆಮೇಲೆ ನೆನಪಾಯ್ತು, ಈ ವಿಷಯದಲ್ಲಿ ನನಗೆ ಒಂದು ಅರ್ಹತೆ ಇದೆ. ಡೇಟಾ ಕೆಡಿಸಿದ ಅನುಭವ ನನಗಿದೆ. ಅದೂ ಬೇರೆಯವರ ದುಡ್ಡಿನ ಡೇಟಾ.

ಡಿಗ್ರಿ ಮುಗಿಸಿದ ಹೊಸತರಲ್ಲಿ ಒಂದು ಸಣ್ಣ ಟ್ರಸ್ಟ್‌ನಲ್ಲಿ ಲೆಕ್ಕಪತ್ರ ನೋಡ್ಕೋತಿದ್ದೆ. ಪಾರ್ಟ್ ಟೈಮ್. ಆ ವರ್ಷ 38 ಜನ ವಿದ್ಯಾರ್ಥಿಗಳಿಗೆ ತಲಾ 6,000 ರೂಪಾಯಿ ಸ್ಕಾಲರ್‌ಶಿಪ್ ಕೊಡಬೇಕಿತ್ತು. ಒಟ್ಟು 2,28,000. ಹೆಸರು, ಅಕೌಂಟ್ ನಂಬರ್, ಐಎಫ್‌ಎಸ್‌ಸಿ, ಮೊತ್ತ ಎಲ್ಲಾ ಇರೋ ಒಂದು ಸಿಎಸ್‌ವಿ ಫೈಲು ಇಮೇಲ್‌ನಲ್ಲಿ ಬಂತು. ಸಿಎಸ್‌ವಿ ಅಂದ್ರೆ ನಿಮಗೆ ಗೊತ್ತು, ಬರೀ ಅಕ್ಷರ, ಅಂಕಿ, ನಡುನಡುವೆ ಕಾಮ. ನಾನು ಎಲ್ಲರೂ ಮಾಡೋದನ್ನೇ ಮಾಡಿದೆ. ಡಬಲ್ ಕ್ಲಿಕ್. ಎಕ್ಸೆಲ್ ಓಪನ್ ಆಯ್ತು.

ಅಕೌಂಟ್ ನಂಬರ್ ಕಾಲಮ್‌ನಲ್ಲಿ ಕೆಲವು ಕಡೆ 5.1826E+15 ಅಂತ ಬಂದಿತ್ತು. ನೋಡೋಕೆ ಚೆನ್ನಾಗಿಲ್ಲ ಅನ್ನಿಸ್ತು. ಕಾಲಮ್ ಸೆಲೆಕ್ಟ್ ಮಾಡಿ, ಫಾರ್ಮ್ಯಾಟ್ ನಂಬರ್ ಅಂತ ಕೊಟ್ಟು, ದಶಾಂಶ ಸೊನ್ನೆ ಮಾಡಿದೆ. ಪೂರ್ತಿ ನಂಬರ್ ಕಾಣಿಸ್ತು. ಖುಷಿಯಾಯ್ತು. ಸೇವ್ ಮಾಡಿದೆ.

ಕಥೆ ಮುಗಿದಿದ್ದು ಅಲ್ಲೇ. ಗೊತ್ತಾಗಿದ್ದು ಮಾತ್ರ ಆಮೇಲೆ.

ಎಕ್ಸೆಲ್ ಯಾವ ಸಂಖ್ಯೆಯನ್ನೇ ಆಗಲಿ 15 ಅಂಕಿಗಳವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತೆ. ಹದಿನಾರನೇ ಅಂಕಿ ಏನೇ ಇರಲಿ, ಅದನ್ನ ಸೊನ್ನೆ ಮಾಡಿಬಿಡುತ್ತೆ. ನನ್ನ ಕಾಲಕ್ಕೆ ಅದು ಕೇಳ್ತಿರಲಿಲ್ಲ, ಎಚ್ಚರಿಕೆ ಕೊಡ್ತಿರಲಿಲ್ಲ, ಕೆಂಪು ಬಣ್ಣ ತೋರಿಸ್ತಿರಲಿಲ್ಲ. ಅದರ ಪ್ರಕಾರ ಅದು ತಪ್ಪೂ ಅಲ್ಲ. ಇಷ್ಟು ದೊಡ್ಡ ಸಂಖ್ಯೆಯನ್ನ ಯಾರೋ ಕೂಡೋಕೆ, ಗುಣಿಸೋಕೆ ಕೊಟ್ಟಿದಾರೆ ಅಂತ ಅದು ಅಂದುಕೊಳ್ಳುತ್ತೆ. ಆದರೆ ಅಕೌಂಟ್ ನಂಬರ್ ಸಂಖ್ಯೆನೇ ಅಲ್ಲ. ಅದು ಅಂಕಿಗಳಲ್ಲಿ ಬರೆದಿರೋ ಒಂದು ಹೆಸರು. ಎರಡು ಅಕೌಂಟ್ ನಂಬರ್ ಯಾರಾದರೂ ಕೂಡ್ತಾರಾ? (ಕೂಡ್ತಾರೆ. ಆಮೇಲೆ ಹೇಳ್ತೀನಿ.)

ನಮ್ಮ ದೇಶದಲ್ಲಿ ಅಕೌಂಟ್ ನಂಬರ್‌ನ ಉದ್ದ ಒಂದೊಂದು ಬ್ಯಾಂಕಿಗೆ ಒಂದೊಂದು. ಕೆಲವರದು 11 ಅಂಕಿ, ಕೆಲವರದು 13, ಇನ್ನು ಕೆಲವರದು 16. ನನ್ನ ಪಟ್ಟಿಯಲ್ಲಿ 16 ಅಂಕಿಯವು 12 ಇದ್ದವು. ಅದರಲ್ಲಿ ಒಂದರ ಕೊನೆಯ ಅಂಕಿ ಮೊದಲೇ ಸೊನ್ನೆ ಆಗಿತ್ತು, ಅದೃಷ್ಟವಂತ. ಉಳಿದ 11 ಕೆಟ್ಟವು.

ಇಲ್ಲಿ ನನ್ನ ಬಿ.ಕಾಂ. ಬುದ್ಧಿ ಏನು ಮಾಡಿತು ಕೇಳಿ. ಬ್ಯಾಂಕಿಗೆ ಅಪ್‌ಲೋಡ್ ಮಾಡೋ ಮುಂಚೆ ನಾನು ಚೆಕ್ ಮಾಡಿದೆ! ಎಷ್ಟು ಸಾಲು? 38, ಸರಿ ಇದೆ. ಒಟ್ಟು ಮೊತ್ತ? 2,28,000, ಸರಿ ಇದೆ. ಎರಡೂ ತಾಳೆ ಆಯ್ತು. ಟಿಕ್ ಹಾಕಿ, ಇನಿಶಿಯಲ್ ಹಾಕಿ, ಕಳಿಸಿದೆ.

ಕಾಮರ್ಸ್‌ನವರಿಗೆ ಟ್ರಯಲ್ ಬ್ಯಾಲೆನ್ಸ್ ಅಂತ ಒಂದು ಪಾಠ ಇರುತ್ತೆ. ಡೆಬಿಟ್ ಒಟ್ಟು, ಕ್ರೆಡಿಟ್ ಒಟ್ಟು, ಎರಡೂ ಸಮ ಬರಬೇಕು. ಬರದೇ ಇದ್ದರೆ ಎಲ್ಲೋ ತಪ್ಪಿದೆ. ಅದರಲ್ಲಿ ಚೆಂದದ ಉಪಾಯ ಒಂದಿದೆ. ವ್ಯತ್ಯಾಸ 9ರಿಂದ ಭಾಗ ಹೋದರೆ, ಅಂಕಿ ಹಿಂದುಮುಂದಾಗಿರಬಹುದು ಅಂತ ಮೊದಲು ಹುಡುಕಬೇಕು. 4,820 ಅನ್ನೋದನ್ನ 4,280 ಅಂತ ಬರೆದರೆ ವ್ಯತ್ಯಾಸ 540. ಒಂಬತ್ತರಿಂದ ಭಾಗಿಸಿ, 60. ಪಕ್ಕಪಕ್ಕದ ಅಂಕಿ ಅದಲುಬದಲಾದರೆ ಯಾವಾಗಲೂ ಹೀಗೇ. ಕಂಪ್ಯೂಟರ್ ಬರೋಕೆ ಮುಂಚೆ ರಾತ್ರಿ ಹನ್ನೊಂದಕ್ಕೆ ಲೆಡ್ಜರ್ ಮುಂದೆ ಕೂತ ಗುಮಾಸ್ತರು ಇದರಿಂದಲೇ ಬದುಕಿದ್ದು.

ಅದೇ ಪಾಠದ ಕೊನೆಗೆ ಇನ್ನೊಂದು ಭಾಗ ಇರುತ್ತೆ. ಟ್ರಯಲ್ ಬ್ಯಾಲೆನ್ಸ್ ಹಿಡಿಯಲಾಗದ ತಪ್ಪುಗಳು. ಐದು ಮಾರ್ಕ್ಸಿನ ಪ್ರಶ್ನೆ, ನಾನೇ ಬರೆದಿದ್ದೆ. ಒಂದು ಮೊತ್ತವನ್ನ ಸರಿಯಾಗಿ ಬರೆದು, ತಪ್ಪು ಖಾತೆಗೆ ಹಾಕಿದರೆ ಟ್ರಯಲ್ ಬ್ಯಾಲೆನ್ಸ್ ತಾಳೆ ಆಗೇ ಆಗುತ್ತೆ. ನಾನು ಮಾಡಿದ್ದು ಅಕ್ಷರಶಃ ಅದೇ. ಐದಕ್ಕೆ ನಾಲ್ಕೂವರೆ ತಗೊಂಡಿದ್ದ ಉತ್ತರ, ಕೆಲಸಕ್ಕೆ ಬರಲಿಲ್ಲ.

ಬ್ಯಾಂಕಾದರೂ ಹಿಡಿಯಬೇಕಿತ್ತಲ್ವಾ ಅಂತ ಕೇಳಬಹುದು. ಅಲ್ಲೂ ಒಂದು ಸಂಗತಿ ಇದೆ. ನೆಫ್ಟ್‌ನಲ್ಲಿ ದುಡ್ಡು ಜಮಾ ಆಗೋದು ಅಕೌಂಟ್ ನಂಬರ್ ನೋಡಿ, ಹೆಸರು ನೋಡಿ ಅಲ್ಲ. ನೀವು "ಸವಿತಾ" ಅಂತ ಬರೆದು "ಶ್ರೀನಿವಾಸ"ನ ನಂಬರ್ ಕೊಟ್ಟರೆ ದುಡ್ಡು ಶ್ರೀನಿವಾಸನಿಗೆ. ಕಳಿಸೋ ಮುಂಚೆ ಖಾತೆದಾರರ ಹೆಸರು ಪರದೆ ಮೇಲೆ ನೋಡೋ ಸೌಲಭ್ಯ ಬಂದಿದ್ದು 2025ರಲ್ಲಿ. ನನ್ನ ಕಾಲಕ್ಕೆ ಅದಿರಲಿಲ್ಲ.

11ರಲ್ಲಿ 10 ಅಂಥ ಖಾತೆಯೇ ಇಲ್ಲ ಅಂತ ವಾಪಸ್ ಬಂದವು. ಒಂದು ಬರಲಿಲ್ಲ. ಆ ನಂಬರಿನ ಖಾತೆ ನಿಜವಾಗಿಯೂ ಇತ್ತು, ಬೇರೆ ಯಾರದೋ. ದುಡ್ಡು ಅಲ್ಲಿಗೆ ಹೋಯ್ತು. ಆ ಹುಡುಗಿ ಡಿಪ್ಲೊಮಾ ಓದ್ತಿದ್ದಳು, ಪರೀಕ್ಷೆ ಫೀಸಿಗೆ ಈ ದುಡ್ಡನ್ನೇ ನಂಬಿಕೊಂಡಿದ್ದಳು. ಅವರಪ್ಪ ಫೋನ್ ಮಾಡಿ, ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. "ಸಾರ್, ನಮ್ಮ ಕಡೆಯಿಂದ ಏನಾದ್ರೂ ತಪ್ಪಾಗಿದೆಯಾ?" ಅಂತ ಕೇಳಿದರು.

ಆಗ ಫೈಲ್ ಓಪನ್ ಮಾಡಿ ನೋಡಿದೆ. ಒಂದೊಂದೇ ನಂಬರ್ ನೋಡಿದರೆ ಏನೂ ಗೊತ್ತಾಗಲ್ಲ. 5182600100734310, ಇದರಲ್ಲಿ ತಪ್ಪೇನು? ಎಲ್ಲಾ ಸರಿಯಾಗೇ ಕಾಣುತ್ತೆ. ಆದರೆ ಕಾಲಮ್ಮನ್ನ ಮೇಲಿಂದ ಕೆಳಕ್ಕೆ, ಬಲತುದಿ ಮಾತ್ರ ನೋಡ್ತಾ ಬಂದೆ. 16 ಅಂಕಿಯ ಹನ್ನೆರಡೂ ಸೊನ್ನೆಯಲ್ಲೇ ಮುಗೀತಿವೆ! ಹನ್ನೆರಡು ಜನ ಹುಡುಗರ ಖಾತೆ ಕಾಕತಾಳೀಯವಾಗಿ ಸೊನ್ನೆಯಲ್ಲೇ ಮುಗಿಯಲ್ಲ. ಡೇಟಾ ಕೆಟ್ಟಾಗ ಕೂಗಲ್ಲ, ಆದರೆ ಕೆಡಿಸಿದ ಯಂತ್ರ ತನ್ನ ಬೆರಳಚ್ಚು ಬಿಟ್ಟು ಹೋಗಿರುತ್ತೆ. ಇಲ್ಲಿ ಆ ಬೆರಳಚ್ಚು ಸೊನ್ನೆ.

ನನ್ನ ಫೈಲಿನಿಂದ ಆ ಅಂಕಿಗಳನ್ನ ವಾಪಸ್ ತರೋಕೆ ಆಗ್ತಿರಲಿಲ್ಲ. ಫಾರ್ಮ್ಯಾಟ್ ಬದಲಾಯಿಸಿದರೆ ಬರೋದು ಕಾಣಿಸೋ ರೀತಿ ಮಾತ್ರ, ಹೋದ ಅಂಕಿ ಹೋಯ್ತು. ಉಳಿಸಿದ್ದು ಇಮೇಲ್‌ನಲ್ಲಿದ್ದ ಮೂಲ ಅಟ್ಯಾಚ್‌ಮೆಂಟ್. ನಾನು ಬುದ್ಧಿವಂತಿಕೆಯಿಂದ ಇಟ್ಟುಕೊಂಡಿದ್ದಲ್ಲ, ಡಿಲೀಟ್ ಮಾಡೋಕೆ ಸೋಮಾರಿತನ.

ಸರಿ, ನನ್ನದು 38 ಜನರ ಕಥೆ. ಇದೇ ಜಾತಿಯ ತಪ್ಪು ಒಂದು ದೇಶದ ಲೆಕ್ಕದಲ್ಲಿ ಆದರೆ? ಆಗಿದೆ. ಇಂಗ್ಲೆಂಡ್, 2020, ಕೋವಿಡ್ ಸಮಯ. ನೀವೆಲ್ಲ ಆಗ ಸ್ಕೂಲಲ್ಲಿ ಆನ್‌ಲೈನ್ ಕ್ಲಾಸ್‌ನಲ್ಲಿ ಮ್ಯೂಟ್ ಮಾಡ್ಕೊಂಡು ಕೂತಿದ್ರಿ.

ಅಲ್ಲಿ ಖಾಸಗಿ ಲ್ಯಾಬ್‌ಗಳು ಪರೀಕ್ಷೆಯ ಫಲಿತಾಂಶವನ್ನ ಸಿಎಸ್‌ವಿ ಫೈಲಾಗಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಅನ್ನೋ ಸರ್ಕಾರಿ ಸಂಸ್ಥೆಗೆ ಕಳಿಸ್ತಿದ್ದವು. ಆ ಸಂಸ್ಥೆಯ ಸಾಫ್ಟ್‌ವೇರ್ ಅದನ್ನ ತಾನಾಗೇ ತಗೊಂಡು, ಎಕ್ಸೆಲ್ ಶೀಟ್‌ಗೆ ತುಂಬಿ, ಮುಂದಿನ ವ್ಯವಸ್ಥೆಗೆ ದಾಟಿಸ್ತಿತ್ತು. ಅಲ್ಲಿಂದ ಕಾಂಟ್ಯಾಕ್ಟ್ ಟ್ರೇಸಿಂಗ್‌ನವರಿಗೆ ಹೋಗಬೇಕು. ಅವರು ಸೋಂಕು ಬಂದವರಿಗೆ ಫೋನ್ ಮಾಡಿ, ಯಾರ್ಯಾರ ಜೊತೆ ಇದ್ರಿ ಅಂತ ಕೇಳಿ, ಅವರನ್ನ ಮನೆಯಲ್ಲೇ ಇರೋಕೆ ಹೇಳಬೇಕು.

ಆ ಶೀಟ್ ಬಳಸಿದ್ದು ಹಳೇ .xls ಫಾರ್ಮ್ಯಾಟ್. ಅದರಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಸಲ್ಲ. ಎರಡರ ಘಾತ ಹದಿನಾರು, ನಿಮಗೆ ಈ ಸೆಮಿಸ್ಟರ್‌ನಲ್ಲೇ ಬರುತ್ತೆ. 2007ರ ಎಕ್ಸೆಲ್ ಜೊತೆ ಬಂದ .xlsx ಆಗಿದ್ದರೆ 10,48,576 ಸಾಲು ಹಿಡೀತಿತ್ತು. ಜೊತೆಗೆ ಒಬ್ಬ ರೋಗಿಯ ಫಲಿತಾಂಶಕ್ಕೆ ಒಂದಲ್ಲ, ಹಲವು ಸಾಲು ಬೇಕಿತ್ತು. ಹಾಗಾಗಿ ಬಿಬಿಸಿ ವರದಿ ಪ್ರಕಾರ ಒಂದು ಶೀಟಲ್ಲಿ ಹಿಡಿಸ್ತಿದ್ದುದು ಸುಮಾರು 1,400 ಪ್ರಕರಣ. ಸೋಂಕು ಕಡಿಮೆ ಇರೋವರೆಗೂ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಸೆಪ್ಟೆಂಬರ್ ಕೊನೆಗೆ ಕೇಸು ಏರಿದವು. ಶೀಟ್ ತುಂಬಿತು. ಮಿಕ್ಕ ಸಾಲುಗಳು ಒಳಗೆ ಬರಲಿಲ್ಲ, ಅಷ್ಟೇ.

ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ, ಎಂಟು ದಿನದಲ್ಲಿ 15,841 ಪಾಸಿಟಿವ್ ಪ್ರಕರಣ ಹೀಗೆ ಲೆಕ್ಕದಿಂದ ಹೊರಗೆ ಉಳಿದವು. ಆ 15,841 ಜನರಿಗೆ ತಮ್ಮ ರಿಸಲ್ಟ್ ಬಂದಿತ್ತು, ಅವರಿಗೆ ಗೊತ್ತಿತ್ತು. ಗೊತ್ತಾಗದೇ ಇದ್ದುದು ಅವರ ಪಕ್ಕ ಕೂತು ಊಟ ಮಾಡಿದವರಿಗೆ, ಒಂದೇ ಆಫೀಸಲ್ಲಿ ಇದ್ದವರಿಗೆ. ಅವರಿಗೆ ಆ ಫೋನ್ ಸಮಯಕ್ಕೆ ಬರಲಿಲ್ಲ. ಅವರು ಎಂದಿನಂತೆ ಓಡಾಡ್ತಿದ್ರು.

ಅಕ್ಟೋಬರ್ 2ರ ರಾತ್ರಿ ತಪ್ಪು ಸಿಕ್ಕಿತು. ಬಿಟ್ಟುಹೋದದ್ದನ್ನೆಲ್ಲ ಸೇರಿಸಿದಾಗ ಬ್ರಿಟನ್ನಿನ ದಿನದ ಲೆಕ್ಕ ಶನಿವಾರ 12,872, ಭಾನುವಾರ 22,961 ಅಂತ ಬಂತು. ಅದರ ಹಿಂದಿನ ಶುಕ್ರವಾರ ಏಳು ಸಾವಿರದ ಹತ್ತಿರ ಇತ್ತು. ಟಿವಿ ನೋಡಿದವರಿಗೆ ಎರಡೇ ದಿನದಲ್ಲಿ ರೋಗ ಸ್ಫೋಟ ಆದ ಹಾಗೆ ಕಂಡಿತು. ಮುಂದೆ ಇಬ್ಬರು ಅರ್ಥಶಾಸ್ತ್ರಜ್ಞರು, ಯಾವ ಪ್ರದೇಶದಲ್ಲಿ ಹೆಚ್ಚು ಪ್ರಕರಣ ತಪ್ಪಿಹೋಗಿದ್ದವು, ಅಲ್ಲಿ ಮುಂದಿನ ವಾರಗಳಲ್ಲಿ ಸೋಂಕು ಎಷ್ಟಾಯ್ತು ಅಂತ ಹೋಲಿಸಿ ನೋಡಿದರು. ಈ ತಡದ ಜೊತೆ ತಳುಕು ಹಾಕಿಕೊಂಡ ಹೆಚ್ಚುವರಿ ಸೋಂಕು ಒಂದು ಲಕ್ಷ ಇಪ್ಪತ್ತೈದು ಸಾವಿರಕ್ಕಿಂತ ಜಾಸ್ತಿ, ಸಾವು ಸಾವಿರದ ಐನೂರಕ್ಕಿಂತ ಜಾಸ್ತಿ ಅನ್ನೋದು ಅವರ ಅಂದಾಜು. ಅಂದಾಜು ಅನ್ನೋದನ್ನ ಮರೀಬೇಡಿ, ಆದರೂ.

ಈಗ ನಿಮ್ಮನ್ನ ಆ ಆಫೀಸಲ್ಲಿ ಕೂರಿಸ್ತೀನಿ. ನಿಮ್ಮ ಮುಂದೆ ಆ ಶೀಟ್ ಇದೆ. ಯಾವ ಸಾಲಲ್ಲೂ ತಪ್ಪಿಲ್ಲ. ಹೆಸರು ಸರಿ, ತಾರೀಕು ಸರಿ. ಫೈಲ್ ಕರಪ್ಟ್ ಆಗಿಲ್ಲ. ಇರೋದನ್ನ ಎಷ್ಟು ಸಲ ನೋಡಿದರೂ ಇಲ್ಲದೇ ಇರೋದು ಕಾಣಲ್ಲ. ನೋಡಬಹುದಾಗಿದ್ದ ಬೆರಳಚ್ಚು ಒಂದೇ, ಶೀಟ್ ಸರಿಯಾಗಿ 65,536ನೇ ಸಾಲಿಗೆ ಮುಗಿದಿರೋದು. ಯಾವ ಪಟ್ಟಿಯೂ ಅಷ್ಟು ಅಚ್ಚುಕಟ್ಟಾದ ಜಾಗದಲ್ಲಿ ತಾನಾಗಿ ಮುಗಿಯಲ್ಲ. ಅಂಥ ಅಂಕಿ ಕಂಡರೆ ಅನುಮಾನ ಪಡಿ. ಅದು ಡೇಟಾದ ಕೊನೆ ಅಲ್ಲ, ಪಾತ್ರೆಯ ಕೊನೆ.

ನನ್ನ ದೃಷ್ಟಿಯಲ್ಲಿ ಇಲ್ಲಿನ ತಪ್ಪು ಎಕ್ಸೆಲ್‌ದಲ್ಲ. ಎಲ್ಲರೂ ಎಕ್ಸೆಲ್ ಮೇಲೆ ಜೋಕ್ ಮಾಡಿದರು, ಮೀಮ್ ಬಂದವು. ಆದರೆ ಯಾವ ಪಾತ್ರೆಗೂ ಒಂದು ಮಿತಿ ಇದ್ದೇ ಇರುತ್ತೆ. ಲ್ಯಾಬ್ ಎಷ್ಟು ಕಳಿಸಿತು ಅನ್ನೋ ಸಂಖ್ಯೆ ಫೈಲ್ ಜೊತೆಗೇ ಪ್ರಯಾಣ ಮಾಡಿ, ಕೊನೆಯಲ್ಲಿ ಎಷ್ಟು ತಲುಪಿತು ಅನ್ನೋದರ ಜೊತೆ ಹೋಲಿಕೆ ಆಗಿದ್ದರೆ, ವ್ಯತ್ಯಾಸ ಬಂದ ಕೂಡಲೇ ಕೆಲಸ ನಿಲ್ಲೋ ಹಾಗಿದ್ದರೆ, ಮೊದಲ ದಿನವೇ ಗೊತ್ತಾಗ್ತಿತ್ತು. ನಮ್ಮ ಹಳ್ಳಿ ಕಡೆ ಮೂಟೆ ಲಾರಿಗೆ ಹೇರುವಾಗ ಒಬ್ಬ ಎಣಿಸ್ತಾನೆ, ಇಳಿಸುವಾಗ ಇನ್ನೊಬ್ಬ ಎಣಿಸ್ತಾನೆ, ಚೀಟಿ ಡ್ರೈವರ್ ಕೈಲಿರುತ್ತೆ. ಅಷ್ಟೇ ಇದು. ಇಳಿಸೋ ಕಡೆ ಮಾತ್ರ ಎಣಿಸಿದರೆ ಏನು ಉಪಯೋಗ?

ಟೆಕ್ಕಿಗಳು ಇಲ್ಲಿ ಕೈ ಎತ್ತುತಾರೆ, "ಅಣ್ಣಾ, ಹ್ಯಾಶ್ ಹಾಕಬಹುದಲ್ವಾ?" ಹಾಕಬಹುದು, ಹಾಕಿ. `sha256sum list.csv` ಅಂತ ಕೊಟ್ಟರೆ ಆ ಫೈಲಿಗೆ ಒಂದು ಉದ್ದ ಗುರುತು ಬರುತ್ತೆ. ವಿಂಡೋಸ್‌ನಲ್ಲಿ `certutil -hashfile list.csv SHA256`. ಒಂದು ಅಕ್ಷರ ಬದಲಾದರೂ ಗುರುತು ಪೂರ್ತಿ ಬದಲಾಗುತ್ತೆ. ಆದರೆ ಅದು ಹೇಳೋದು ಎರಡು ಫೈಲ್ ಒಂದೇನಾ ಅಂತ ಮಾತ್ರ, ಸರಿಯಾ ಅಂತ ಅಲ್ಲ. ನನ್ನ ಕೆಟ್ಟ ಫೈಲಿಗೆ ಹ್ಯಾಶ್ ತೆಗೆದು ಬ್ಯಾಂಕಿಗೆ ಕಳಿಸಿದ್ದರೆ, ಕೆಟ್ಟ ಫೈಲು ಸುರಕ್ಷಿತವಾಗಿ ತಲುಪಿತು ಅಂತ ಅದು ಸರ್ಟಿಫಿಕೇಟ್ ಕೊಡ್ತಿತ್ತು. ಹಾಗೇ ಸಿಎಸ್‌ವಿಯನ್ನ ಎಕ್ಸೆಲ್ ಮಾಡಿದರೆ, ಒಳಗಿನ ಮಾಹಿತಿ ಒಂದಿಷ್ಟೂ ಬದಲಾಗದಿದ್ದರೂ ಹ್ಯಾಶ್ ಬದಲಾಗುತ್ತೆ. ರೂಪ ಬದಲಾಗೋ ಕಡೆ ಅದರಿಂದ ಸಹಾಯ ಇಲ್ಲ. ಈ ಎರಡೂ ಕಥೆಯಲ್ಲಿ ಡೇಟಾ ಕೆಟ್ಟಿದ್ದು ರೂಪ ಬದಲಾಗೋ ಜಾಗದಲ್ಲೇ.

ಹಾಗಾದರೆ ಸಾಲು ಎಣಿಸಿದರೆ ಸಾಕಾ? ಇಂಗ್ಲೆಂಡಿನ ತಪ್ಪಿಗೆ ಸಾಕಿತ್ತು. ನನ್ನ ತಪ್ಪಿಗೆ ಸಾಕಾಗಲಿಲ್ಲ, ನಾನು ಎಣಿಸಿದ್ದೆ. ಇಲ್ಲೇ ಆಗ ಹೇಳಿದ್ದ ವಿಚಿತ್ರ ಬರೋದು, ಅಕೌಂಟ್ ನಂಬರ್ ಕೂಡೋದು. ಆಡಿಟ್ ಪುಸ್ತಕದಲ್ಲಿ ಇದನ್ನ ಹ್ಯಾಶ್ ಟೋಟಲ್ ಅಂತಾರೆ. ಆ ಮೊತ್ತಕ್ಕೆ ಯಾವ ಅರ್ಥವೂ ಇಲ್ಲ, ಅದು ರೂಪಾಯಿ ಅಲ್ಲ, ಜನ ಅಲ್ಲ. ಮೊದಲೂ ಆಮೇಲೂ ಒಂದೇ ಬರಬೇಕು, ಅದೊಂದೇ ಅದರ ಕೆಲಸ. ಅಮೆರಿಕದಲ್ಲಿ ಬ್ಯಾಂಕುಗಳ ನಡುವೆ ಓಡಾಡೋ ಎಸಿಎಚ್ ಫೈಲುಗಳಲ್ಲಿ ಬ್ಯಾಂಕಿನ ರೂಟಿಂಗ್ ನಂಬರ್‌ಗಳನ್ನ ಹೀಗೇ ಕೂಡಿ ಫೈಲಿನ ಕೊನೆಯಲ್ಲಿ ಇಟ್ಟಿರ್ತಾರೆ.

ಸ್ಕ್ರೀನ್ ನೋಡಿ. ಮೂರು ಖಾತೆ, ಕೊನೆಯ ನಾಲ್ಕು ಅಂಕಿ ಮಾತ್ರ ತಗೊಂಡಿದೀನಿ. ಪೂರ್ತಿ 16 ಅಂಕಿ ಎಕ್ಸೆಲ್‌ನಲ್ಲೇ ಕೂಡೋಕೆ ಹೋದರೆ ಅದು ಮತ್ತೆ 15ಕ್ಕೆ ನಿಲ್ಲಿಸುತ್ತೆ, ಕಳ್ಳನ ಕೈಗೇ ಬೀಗ ಕೊಟ್ಟ ಹಾಗೆ. 4317, 2086, 7753. ಕೂಡಿ, 14,156. ಎಕ್ಸೆಲ್ ಮುಟ್ಟಿದ ಮೇಲೆ 4310, 2080, 7750. ಕೂಡಿ, 14,140. ವ್ಯತ್ಯಾಸ 16, ಅಂದ್ರೆ ಹೋದ 7, 6, 3ರ ಮೊತ್ತ. ಸಾಲು ಅಷ್ಟೇ ಇದೆ, ರೂಪಾಯಿ ಅಷ್ಟೇ ಇದೆ, ಇದೊಂದು ಮಾತ್ರ ತಾಳೆ ಇಲ್ಲ. ಅಂದ್ರೆ ಕಳಿಸಬೇಡಿ, ನಿಲ್ಲಿಸಿ.

ಪೈಥಾನ್ ಬರೋರಿಗೆ ಇಷ್ಟು ಸಾಕು:

```
import pandas as pd
df = pd.read_csv("list.csv", dtype=str)
print(len(df))
print(df["account"].str[-4:].astype(int).sum())
```

ಎರಡನೇ ಸಾಲಿನ dtype=str ಮರೀಬೇಡಿ. ಎಲ್ಲವನ್ನೂ ಅಕ್ಷರ ಅಂತಲೇ ಓದು, ನಿನ್ನ ಬುದ್ಧಿ ಉಪಯೋಗಿಸಬೇಡ ಅಂತ ಹೇಳೋದು ಅದು. ಅದಿಲ್ಲದೇ ಹೋದರೆ ನಂಬರಿನ ಮುಂದಿರೋ ಸೊನ್ನೆಗಳು ಮಾಯ. ಎಕ್ಸೆಲ್‌ನಲ್ಲೇ ಮಾಡಬೇಕು ಅಂದ್ರೆ ಡಬಲ್ ಕ್ಲಿಕ್ ಬೇಡ. ಡೇಟಾ ಮೆನುವಿಂದ ಇಂಪೋರ್ಟ್ ಮಾಡಿ, ಆ ಕಾಲಮ್ಮನ್ನ ಟೆಕ್ಸ್ಟ್ ಅಂತ ಮೊದಲೇ ಹೇಳಿ. ಆಮೇಲೆ ಹೇಳಿದರೆ ಕಾಲ ಮೀರಿರುತ್ತೆ. ಮೂಲ ಫೈಲಿಗೆ ರೀಡ್ ಓನ್ಲಿ ಹಾಕಿ ಬೇರೆ ಫೋಲ್ಡರಲ್ಲಿ ಇಡಿ, ಕೆಲಸ ಎಲ್ಲಾ ಕಾಪಿ ಮೇಲೆ.

ಹ್ಯಾಶ್ ಟೋಟಲ್‌ಗೂ ಕಣ್ಣು ಕಾಣದ ಜಾಗ ಇದೆ. ಇಬ್ಬರ ಅಕೌಂಟ್ ನಂಬರ್ ಒಬ್ಬರದು ಇನ್ನೊಬ್ಬರ ಹೆಸರಿಗೆ ಅದಲುಬದಲಾದರೆ ಮೊತ್ತ ಅಷ್ಟೇ ಬರುತ್ತೆ. ಬರೀ ಹೆಸರಿನ ಕಾಲಮ್ ಸಾರ್ಟ್ ಮಾಡಿ ಉಳಿದದ್ದನ್ನ ಬಿಟ್ಟುಬಿಟ್ಟರೆ ಆಗೋದು ಇದೇ, ಇಡೀ ಪಟ್ಟಿ ಕಲಸಿಹೋದರೂ ಮೂರೂ ಲೆಕ್ಕ ತಾಳೆ. ಅದಕ್ಕೆ ಮೂಲ ಫೈಲ್ ತೆಗೆದು ನಾಲ್ಕೈದು ಸಾಲು ಕಣ್ಣಲ್ಲೇ ಹೋಲಿಸಬೇಕು, ಬೇರೆ ದಾರಿ ನನಗೆ ಗೊತ್ತಿಲ್ಲ. ಮೂಲದಲ್ಲೇ ಹುಡುಗ ತಪ್ಪು ನಂಬರ್ ಬರೆದುಕೊಟ್ಟಿದ್ದರೂ ಇದು ಹಿಡಿಯಲ್ಲ. ಅಂಥದ್ದಕ್ಕೆ ನಂಬರ್ ಒಳಗೇ ಕಾವಲುಗಾರ ಇರಬೇಕು. ಆಧಾರ್‌ನಲ್ಲಿ ಇದೆ. ಅದರ ಹನ್ನೆರಡನೇ ಅಂಕಿ ಉಳಿದ ಹನ್ನೊಂದರಿಂದ ಲೆಕ್ಕ ಹಾಕಿ ಬಂದಿದ್ದು, ವೆರ್ಹೋಫ್ ಅನ್ನೋ ವಿಧಾನ. ಯಾವುದಾದರೂ ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅಂಕಿ ಹಿಂದುಮುಂದಾದರೂ ಲೆಕ್ಕ ಕೂಡಲ್ಲ. ಬ್ಯಾಂಕ್ ಖಾತೆಗಳಿಗೆ ಎಲ್ಲಾ ಬ್ಯಾಂಕಿಗೂ ಒಂದೇ ಅಂಥ ನಿಯಮ ನಮ್ಮಲ್ಲಿಲ್ಲ. ಇರಬೇಕಿತ್ತು ಅನ್ನೋದು ನನ್ನ ಸ್ವಂತ ಸಿಟ್ಟು.

ಆ ಹುಡುಗಿ ವಿಷಯ ಏನಾಯ್ತು ಅಂತ ಮುಂದಿನ ಸಾಲಲ್ಲಿ ಕೂತವರು ಆಗಲೇ ಸನ್ನೆ ಮಾಡ್ತಿದಾರೆ. ದುಡ್ಡು ಹೋಗಿದ್ದ ಖಾತೆಯವರು ಒಬ್ಬರು ವಯಸ್ಸಾದವರು, ಬ್ಯಾಂಕಿನವರು ಫೋನ್ ಮಾಡಿ ಒಪ್ಪಿಸಿದರು, ಒಂದು ತಿಂಗಳ ಮೇಲಾಯ್ತು ವಾಪಸ್ ಬರೋಕೆ. ಪರೀಕ್ಷೆ ಫೀಸಿನ ತಾರೀಕು ಅದಕ್ಕೆ ಕಾಯಲ್ಲ. ಟ್ರಸ್ಟಿನ ಕಾರ್ಯದರ್ಶಿ ತಮ್ಮ ಜೇಬಿಂದ ಕಟ್ಟಿದರು. ನಾನು ಎರಡು ಕಂತಲ್ಲಿ ಅವರಿಗೆ ಕೊಟ್ಟೆ, ಆಮೇಲೆ ದುಡ್ಡು ಬಂದಾಗ ಅವರು ನನಗೆ ಕೊಟ್ಟರು. ಹುಡುಗಿ ಪರೀಕ್ಷೆ ಬರೆದಳು. ಅವರಪ್ಪನಿಗೆ ತಪ್ಪು ನಿಮ್ಮದಲ್ಲ, ನನ್ನದು ಅಂತ ಹೇಳೋಕೆ ನನಗೆ ಎರಡು ದಿನ ಬೇಕಾಯ್ತು.

ನನ್ನದು ಇಷ್ಟೇ. ಇವತ್ತು ಸಂಜೆ ಕೋಡಿಂಗ್ ಸ್ಪರ್ಧೆಯಲ್ಲಿ ಗೆದ್ದವರ ಅಕೌಂಟ್ ನಂಬರ್ ಒಂದು ಶೀಟಲ್ಲಿ ಬರೆಸಿಕೊಳ್ತಿದಾರೆ, ಒಳಗೆ ಬರುವಾಗ ನೋಡಿದೆ. ಹದಿನಾರು ಅಂಕಿಯವರು ಯಾರಾದ್ರೂ ಇದ್ದರೆ, ಎದ್ದು ಹೋಗಿ ಕೊನೆಯ ಅಂಕಿ ನೋಡ್ಕೊಂಡು ಬನ್ನಿ. ಉಳಿದವರು ಪ್ರಶ್ನೆ ಕೇಳಿ, ಮೈಕ್ ಆ ಕಡೆ ಕೊಡ್ರಪ್ಪ.